ಸಿರಿಂಜ್ ಒತ್ತಿದರೆ ಬಣ್ಣ ಏನಾಗುತ್ತದೆ? ರಾಸಾಯನಿಕ ಸಮತೋಲನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮಕ್ಕಳಿಗೆ ಈ ಪಾಠ ಮಾಡುವಾಗ ಪ್ರತಿ ವರ್ಷವೂ ಅವೇ ಪ್ರಶ್ನೆಗಳು ಬರುತ್ತವೆ. ಕೆಲವು ಪ್ರಶ್ನೆಗಳು ತುಂಬಾ ಚೆನ್ನಾಗಿರುತ್ತವೆ, ನನಗೇ ಉತ್ತರ ಹುಡುಕಲು ಒಂದು ದಿನ ಹಿಡಿದದ್ದೂ ಇದೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಹತ್ತಾರು ಉದಾಹರಣೆ ಕೊಟ್ಟು ತಲೆ ಕೆಡಿಸುವ ಬದಲು ಹೆಚ್ಚಾಗಿ ಒಂದೇ ಅನಿಲವನ್ನು ಹಿಡಿದುಕೊಂಡು ಹೋಗುತ್ತೇನೆ. ಅದು ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್.

ಯಾವ ಕ್ರಿಯೆ ಇದು?

N₂O₄ ⇌ 2NO₂

ಎಡಗಡೆಯ N₂O₄ಗೆ ಬಣ್ಣವಿಲ್ಲ. ಬಲಗಡೆಯ NO₂ ಗಾಢ ಕಂದು. ಒಂದು N₂O₄ ಒಡೆದರೆ ಎರಡು NO₂, ಎರಡು NO₂ ಸೇರಿದರೆ ಮತ್ತೆ ಒಂದು N₂O₄. ಎಡದಿಂದ ಬಲಕ್ಕೆ ಹೋಗಲು ಶಾಖ ಬೇಕು, ಒಂದು ಮೋಲ್‌ಗೆ ಸುಮಾರು 57 ಕಿಲೋಜೂಲ್. ಒಳಗೆ ಏನು ನಡೆಯುತ್ತಿದೆ ಅಂತ ಬಣ್ಣವೇ ಹೇಳಿಬಿಡುತ್ತದೆ, ಅದಕ್ಕೇ ಎಲ್ಲ ಪುಸ್ತಕಗಳಿಗೂ ಈ ಅನಿಲ ಇಷ್ಟ. ಆದರೆ ಆ ಬಣ್ಣವೇ ಮೋಸವನ್ನೂ ಮಾಡುತ್ತದೆ. ಹೇಗೆ ಅಂತ ಮುಂದೆ ನೋಡೋಣ.

ಒಂದು ಎಚ್ಚರಿಕೆ. NO₂ ವಿಷ. ಉಸಿರಿಗೆ ಹೋದ ತಕ್ಷಣ ಏನೂ ಆಗದ ಹಾಗೆ ಕಂಡರೂ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ತಾಮ್ರದ ಚೂರಿಗೆ ಪ್ರಬಲ ನೈಟ್ರಿಕ್ ಆಮ್ಲ ಹಾಕಿದರೆ ಈ ಅನಿಲ ಬರುತ್ತದೆ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಮಾಡಲು ಹೋಗಬೇಡಿ. ಫ್ಯೂಮ್ ಹುಡ್ ಇರುವ ಲ್ಯಾಬ್‌ನಲ್ಲಿ, ಗೊತ್ತಿದ್ದವರು ಮಾತ್ರ ಮಾಡಬೇಕು.

ಸಮತೋಲನ ಅಂದರೆ ಎರಡೂ ಕಡೆ ಸಮ ಸಮ ಅಂತ ಅಲ್ವಾ?

ಅಲ್ಲ. ತಕ್ಕಡಿ ನೆನಪಾಗುತ್ತದೆ, ಅದಕ್ಕೇ ಈ ತಪ್ಪು ಆಗುವುದು. ಸಮ ಆಗಿರುವುದು ಎರಡು ಕಡೆಯ ಪ್ರಮಾಣ ಅಲ್ಲ, ಎರಡು ಕ್ರಿಯೆಗಳ ವೇಗ. ಸೆಕೆಂಡಿಗೆ ಎಷ್ಟು N₂O₄ ಒಡೆಯುತ್ತದೋ ಅಷ್ಟೇ ಮತ್ತೆ ಹುಟ್ಟುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ನಿಂತ ಹಾಗೆ ಕಾಣುತ್ತದೆ, ಒಳಗೆ ಯಾವುದೂ ನಿಂತಿಲ್ಲ.

ಬೆರಕೆಯಲ್ಲಿ ಯಾವುದು ಎಷ್ಟಿರಬೇಕು ಅಂತ ಹೇಳುವುದು K. ನಮ್ಮ ಕ್ರಿಯೆಗೆ K = (NO₂ ಒತ್ತಡ)² ÷ (N₂O₄ ಒತ್ತಡ). 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒತ್ತಡವನ್ನು ಅಟ್ಮಾಸ್ಫಿಯರ್‌ನಲ್ಲಿ ಅಳೆದರೆ, ಇದು ಸುಮಾರು 0.15. ಇದೇ ಲೆಕ್ಕವನ್ನು ಸಮತೋಲನ ತಪ್ಪಿದ ಹೊತ್ತಿನಲ್ಲಿ ಮಾಡಿದರೆ ಬರುವ ಸಂಖ್ಯೆಗೆ Q ಅನ್ನುತ್ತೇವೆ. Kಗಿಂತ Q ದೊಡ್ಡದಾದರೆ ಕ್ರಿಯೆ ಎಡಕ್ಕೆ ಸರಿಯುತ್ತದೆ. Q ಸಣ್ಣದಾದರೆ ಬಲಕ್ಕೆ. ಈ ಪುಟದಲ್ಲಿ ನೆನಪಿಟ್ಟುಕೊಳ್ಳಬೇಕಾದ ಉಪಕರಣ ಇದೊಂದೇ.

ಲೇ ಶಾಟೆಲಿಯೆ ನಿಯಮ ಇದೆಯಲ್ಲ, Q ಯಾಕೆ ಬೇಕು?

ಫ್ರೆಂಚ್ ವಿಜ್ಞಾನಿ ಲೇ ಶಾಟೆಲಿಯೆ 1884ರಲ್ಲಿ ಹೇಳಿದ್ದನ್ನು ಇವತ್ತು ನಾವು ಒಂದೇ ವಾಕ್ಯ ಮಾಡಿ ಬಾಯಿಪಾಠ ಮಾಡಿಸುತ್ತೇವೆ. ಬದಲಾವಣೆ ತಂದರೆ ವ್ಯವಸ್ಥೆ ಅದನ್ನು ವಿರೋಧಿಸುತ್ತದೆ, ಅಷ್ಟೇ. ಆ ವಾಕ್ಯದಲ್ಲಿ ತೊಂದರೆ ಏನೆಂದರೆ, ಅನಿಲಕ್ಕೆ ಏನೋ ಹಟ ಇದೆ, ನಾವು ತಳ್ಳಿದರೆ ಅದು ವಾಪಸ್ ತಳ್ಳುತ್ತದೆ ಅನ್ನುವ ಹಾಗೆ ಕೇಳಿಸುತ್ತದೆ. ಅನಿಲಕ್ಕೆ ಹಟವೂ ಇಲ್ಲ, ನೆನಪೂ ಇಲ್ಲ. ವೇಗಗಳು ಏರುಪೇರಾದವು, ಮತ್ತೆ ಸಮ ಆಗುವ ತನಕ ಒಂದು ಕಡೆ ಜಾಸ್ತಿ ನಡೆಯಿತು, ಮುಗಿಯಿತು. ಬೇಗ ದಿಕ್ಕು ಊಹಿಸಲು ಆ ವಾಕ್ಯ ಸಾಕು. ಗೊಂದಲ ಬಂದಾಗ Q ಹಾಕಿ ನೋಡಿ. ವಾಕ್ಯವೇ ಕೈಕೊಡುವ ಒಂದು ಜಾಗ ಕೊನೆಗೆ ಬರುತ್ತದೆ.

ಸಿರಿಂಜ್‌ನಲ್ಲಿ ಈ ಅನಿಲ ತುಂಬಿ ಒತ್ತಿದರೆ ಬಣ್ಣ ತಿಳಿಯಾಗುತ್ತದೆ. ಸರಿಯಾ?

ತರಗತಿಯಲ್ಲಿ ಹತ್ತಕ್ಕೆ ಒಂಬತ್ತು ಮಂದಿ "ತಿಳಿಯಾಗುತ್ತದೆ ಸರ್" ಅನ್ನುತ್ತಾರೆ. ಒತ್ತಡ ಜಾಸ್ತಿ ಮಾಡಿದರೆ ಕಡಿಮೆ ಮೋಲ್ ಇರುವ ಕಡೆಗೆ, ಅಂದರೆ ಎಡಕ್ಕೆ. ಎಡಗಡೆ ಬಣ್ಣವಿಲ್ಲ. ಹಾಗಾಗಿ ತಿಳಿ. ದಿಕ್ಕು ಸರಿ, ಉತ್ತರ ತಪ್ಪು. ಪಕ್ಕದಿಂದ ನೋಡಿದರೆ ಸಿರಿಂಜ್ ಮೊದಲಿಗಿಂತ ಗಾಢವಾಗಿಯೇ ಉಳಿಯುತ್ತದೆ.

ಲೆಕ್ಕ ಹಾಕೋಣ. ಸಿರಿಂಜ್‌ನಲ್ಲಿ NO₂ 0.15 ಅಟ್ಮಾಸ್ಫಿಯರ್, N₂O₄ 0.15, ಮಿಕ್ಕ 0.70 ಗಾಳಿ ಅಂದುಕೊಳ್ಳಿ. 0.15ರ ವರ್ಗವನ್ನು 0.15ರಿಂದ ಭಾಗಿಸಿದರೆ 0.15, ಅಂದರೆ K. ಸಮತೋಲನದಲ್ಲಿದೆ.

ಈಗ ಪ್ಲಂಜರ್ ಒತ್ತಿ ಗಾತ್ರ ಅರ್ಧ ಮಾಡಿ. ಕ್ರಿಯೆ ಇನ್ನೂ ಸರಿದಿಲ್ಲ ಅಂದುಕೊಂಡರೆ ಎಲ್ಲ ಒತ್ತಡವೂ ಎರಡರಷ್ಟು. NO₂ 0.30, N₂O₄ 0.30. Q = 0.09 ÷ 0.30 = 0.30. ಇದು Kಯ ಎರಡರಷ್ಟು, ಹಾಗಾಗಿ ಕ್ರಿಯೆ ಎಡಕ್ಕೆ ಸರಿಯಬೇಕು. x ಅಷ್ಟು N₂O₄ ಹುಟ್ಟಿದರೆ 2x ಅಷ್ಟು NO₂ ಕಡಿಮೆಯಾಗುತ್ತದೆ.

(0.30 − 2x)² = 0.15 × (0.30 + x)

ಬಿಡಿಸಿದರೆ x = 0.0375. ಕೊನೆಗೆ NO₂ 0.225, N₂O₄ 0.3375. ತಾಳೆ ನೋಡಿ, 0.225ರ ವರ್ಗ ÷ 0.3375 ಮತ್ತೆ 0.15.

ಈಗ NO₂ ಒಂದನ್ನೇ ಗಮನಿಸಿ. 0.15 ಇತ್ತು, ಒತ್ತಿದಾಗ 0.30ಕ್ಕೆ ಹಾರಿತು, ಸರಿದ ಮೇಲೆ 0.225ಕ್ಕೆ ಇಳಿಯಿತು. ಮೊದಲಿಗಿಂತ ಒಂದೂವರೆ ಪಟ್ಟು ಜಾಸ್ತಿಯೇ! ಕ್ರಿಯೆ ಎಡಕ್ಕೆ ಸರಿದದ್ದು ನಿಜ, NO₂ ಅಣುಗಳ ಒಟ್ಟು ಸಂಖ್ಯೆ ಕಾಲುಭಾಗ ಕಡಿಮೆಯಾದದ್ದೂ ನಿಜ. ಆದರೆ ಉಳಿದವು ಅರ್ಧ ಜಾಗದಲ್ಲಿ ಒತ್ತೊತ್ತಾಗಿ ಕೂತಿವೆ.

ಹಾಗಾದರೆ ಎಡಕ್ಕೆ ಸರಿದದ್ದನ್ನು ಕಣ್ಣಲ್ಲಿ ನೋಡುವುದು ಹೇಗೆ?

ಸಿರಿಂಜ್‌ನ ಮೂತಿಯ ಕಡೆಯಿಂದ, ಉದ್ದಕ್ಕೆ ನೋಡಿ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ವಿಷಯ ಇದು. ಕಣ್ಣಿಗೆ ಕಾಣುವ ಬಣ್ಣ, ಬೆಳಕು ಬರುವ ದಾರಿಯಲ್ಲಿ ಎಷ್ಟು NO₂ ಅಣು ಸಿಗುತ್ತವೆ ಅನ್ನುವುದರ ಮೇಲೆ ನಿಂತಿದೆ. ಪಕ್ಕದಿಂದ ನೋಡಿದರೆ ಬೆಳಕಿನ ದಾರಿ ಸಿರಿಂಜ್‌ನ ಅಗಲ. ಒತ್ತಿದರೂ ಅದು ಬದಲಾಗುವುದಿಲ್ಲ. ಉದ್ದಕ್ಕೆ ನೋಡಿದರೆ ದಾರಿಯೇ ಅರ್ಧ ಆಗುತ್ತದೆ. ಕ್ರಿಯೆ ಸರಿಯದೇ ಇದ್ದಿದ್ದರೆ ಎರಡರಷ್ಟು ಒತ್ತಾದ ಅನಿಲ, ಅರ್ಧ ದಾರಿ, ಬಣ್ಣ ಇದ್ದ ಹಾಗೇ ಇರುತ್ತಿತ್ತು. ಆದರೆ ನಮ್ಮ ಲೆಕ್ಕದಲ್ಲಿ 0.225ರ ಅರ್ಧ 0.1125, ಮೊದಲಿದ್ದದ್ದು 0.15. ಅಂದರೆ ಉದ್ದಕ್ಕೆ ನೋಡಿದವನಿಗೆ ತಿಳಿಯಾಗಿ ಕಾಣುತ್ತದೆ, ಪಕ್ಕದಿಂದ ನೋಡಿದವನಿಗೆ ಗಾಢವಾಗಿ ಕಾಣುತ್ತದೆ. ಇಬ್ಬರೂ ಜಗಳ ಆಡಿದರೆ ಇಬ್ಬರೂ ಸರಿ.

ವಿಡಿಯೋದಲ್ಲಿ ಒತ್ತಿದ ಕೂಡಲೇ ಕಪ್ಪಾಗಿ, ಆಮೇಲೆ ಒಂದೆರಡು ಸೆಕೆಂಡಿನಲ್ಲಿ ನಿಧಾನಕ್ಕೆ ಸ್ವಲ್ಪ ತಿಳಿಯಾಗುತ್ತದೆ. ಅದೇ ಕ್ರಿಯೆ ಸರಿಯುವುದಾ?

ನಾನೂ ಬಹಳ ವರ್ಷ ಹೀಗೇ ಹೇಳಿಕೊಟ್ಟಿದ್ದೆ. "ಮೊದಲು ಒತ್ತಾಯಿತು, ಆಮೇಲೆ ಕ್ರಿಯೆ ಎಡಕ್ಕೆ ಸರಿಯಿತು" ಅಂತ. ಕೇಳಲು ಚೆನ್ನಾಗಿದೆ. ಆದರೆ N₂O₄ ಒಡೆಯುವುದು, ಸೇರುವುದು ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ನಡೆಯುತ್ತದೆ. ನಿಮ್ಮ ಹೆಬ್ಬೆರಳು ಪ್ಲಂಜರ್ ಒತ್ತಿ ಮುಗಿಸುವಷ್ಟರಲ್ಲಿ ಕ್ರಿಯೆ ಜೊತೆಜೊತೆಗೇ ಸರಿದು ಮುಗಿದಿರುತ್ತದೆ. ಮತ್ತೆ ಆ ನಿಧಾನದ ಬದಲಾವಣೆ ಏನು?

ಶಾಖ. ಸೈಕಲ್ ಪಂಪ್ ಹೊಡೆದರೆ ಅದರ ಬುಡ ಬಿಸಿ ಆಗುತ್ತದಲ್ಲ, ಇಲ್ಲೂ ಹಾಗೇ. ಬೇಗನೆ ಒತ್ತಿದ ಅನಿಲ ಬಿಸಿಯಾಗುತ್ತದೆ. ಜೊತೆಗೆ NO₂ ಜೋಡಿಯಾಗುವಾಗಲೂ ಶಾಖ ಹೊರಬರುತ್ತದೆ. ಬಿಸಿಯಲ್ಲಿ NO₂ ಜಾಸ್ತಿ ಉಳಿಯುತ್ತದೆ, ಹಾಗಾಗಿ ಮೊದಲು ಜಾಸ್ತಿ ಕಂದು. ಆ ಬಿಸಿ ಸಿರಿಂಜ್‌ನ ಗೋಡೆಯ ಮೂಲಕ ಹೊರಗೆ ಹೋಗಲು ಸೆಕೆಂಡುಗಳು ಬೇಕು. ನೀವು ನೋಡುವ ನಿಧಾನದ ತಿಳಿಯಾಗುವಿಕೆ ಮುಖ್ಯವಾಗಿ ತಣ್ಣಗಾಗುವುದು. ಪ್ಲಂಜರ್ ಅನ್ನು ತುಂಬಾ ನಿಧಾನಕ್ಕೆ ಒತ್ತಿದರೆ ಆ ಕಪ್ಪಾಗಿ ತಿಳಿಯಾಗುವ ಆಟ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಸುಮ್ನೆ ಗಾಢವಾಗುತ್ತಾ ಹೋಗುತ್ತದೆ.

ವ್ಯವಸ್ಥೆ ಬದಲಾವಣೆಯನ್ನು ಪೂರ್ತಿ ಅಳಿಸಿಹಾಕುತ್ತದೆಯಾ?

ಇಲ್ಲ. ಮೇಲಿನ ಲೆಕ್ಕದಲ್ಲೇ ನೋಡಿ. ಕ್ರಿಯೆ ಸರಿಯದಿದ್ದರೆ ಒಟ್ಟು ಒತ್ತಡ 2.00 ಆಗಬೇಕಿತ್ತು. ಸರಿದದ್ದರಿಂದ 1.9625 ಆಯಿತು. ಮೊದಲಿದ್ದ 1.00ಕ್ಕೆ ವಾಪಸ್ ಬರುವ ಮಾತೇ ಇಲ್ಲ. "ವಿರೋಧಿಸುತ್ತದೆ" ಅಂದರೆ ಸ್ವಲ್ಪ ತಗ್ಗಿಸುತ್ತದೆ ಅಂತ ಓದಿಕೊಳ್ಳಿ.

ಸಿರಿಂಜ್‌ಗೆ ಆರ್ಗಾನ್ ಸೇರಿಸಿದರೂ ಒತ್ತಡ ಜಾಸ್ತಿ ಆಗುತ್ತದೆ. ಆಗಲೂ ಎಡಕ್ಕೆ ಹೋಗಬೇಕಲ್ಲ?

ಗಾತ್ರ ಬದಲಾಗದ ಹಾಗೆ ಪ್ಲಂಜರ್ ಹಿಡಿದುಕೊಂಡು ಆರ್ಗಾನ್ ಸೇರಿಸಿದರೆ ಏನೂ ಆಗುವುದಿಲ್ಲ. ಮೀಟರ್ ತೋರಿಸುವ ಒಟ್ಟು ಒತ್ತಡ ಏರುತ್ತದೆ, ಆದರೆ NO₂ದ ಪಾಲು 0.15 ಹಾಗೇ, N₂O₄ದ ಪಾಲು 0.15 ಹಾಗೇ. Qಯಲ್ಲಿ ಆರ್ಗಾನ್‌ಗೆ ಜಾಗವೇ ಇಲ್ಲ. ನಮ್ಮ ಲೆಕ್ಕದಲ್ಲಿ ಗಾಳಿ 0.70 ಇತ್ತಲ್ಲ, Q ಹಾಕುವಾಗ ಅದನ್ನು ಒಂದು ಸಲವೂ ಬಳಸಲಿಲ್ಲ, ಗಮನಿಸಿದ್ರಾ?

ಪ್ಲಂಜರ್ ಬಿಟ್ಟುಬಿಟ್ಟರೆ ಕಥೆ ಬೇರೆ. ಆರ್ಗಾನ್ ಒಳಗೆ ಬಂದಂತೆ ಪ್ಲಂಜರ್ ಹಿಂದಕ್ಕೆ ಸರಿಯುತ್ತದೆ, ಗಾತ್ರ ಹಿಗ್ಗುತ್ತದೆ, NO₂ ಮತ್ತು N₂O₄ ಎರಡರ ಪಾಲೂ ಇಳಿಯುತ್ತದೆ, Q ಸಣ್ಣದಾಗುತ್ತದೆ, ಕ್ರಿಯೆ ಬಲಕ್ಕೆ. ಹಾಗಾಗಿ "ಜಡ ಅನಿಲ ಸೇರಿಸಿದರೆ" ಅಂತ ಪ್ರಶ್ನೆ ಬಂದ ಕೂಡಲೇ ನೀವು ಕೇಳಬೇಕಾದ್ದು ಒಂದೇ: ಗಾತ್ರ ಸ್ಥಿರವೋ, ಒತ್ತಡ ಸ್ಥಿರವೋ?

ಕಾನ್ಸಂಟ್ರೇಶನ್ ಬದಲಿಸಿದರೆ K ಬದಲಾಗುತ್ತದೆಯಾ?

ಇಲ್ಲ. ಇದಕ್ಕೆ ಅನಿಲಕ್ಕಿಂತ ಲ್ಯಾಬ್‌ನ ಕೆಂಪು ದ್ರಾವಣ ಒಳ್ಳೆಯ ಉದಾಹರಣೆ. ಫೆರಿಕ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಥಯೋಸಯನೇಟ್ ಸೇರಿಸಿದರೆ ರಕ್ತದಂಥ ಕೆಂಪು ಬರುತ್ತದೆ.

Fe³⁺ + SCN⁻ ⇌ [Fe(SCN)]²⁺

ಇದಕ್ಕೆ ಇನ್ನೊಂದೆರಡು ಹನಿ ಫೆರಿಕ್ ನೈಟ್ರೇಟ್ ಹಾಕಿದರೆ ಕೆಂಪು ಹೆಚ್ಚಾಗುತ್ತದೆ. ಮಕ್ಕಳು ಬರೆಯುವುದು: "ಉತ್ಪನ್ನ ಜಾಸ್ತಿಯಾಯಿತು, ಆದ್ದರಿಂದ K ಜಾಸ್ತಿಯಾಯಿತು." ಅಲ್ಲ. ಉತ್ಪನ್ನ ಜಾಸ್ತಿಯಾಯಿತು, SCN⁻ ಕಡಿಮೆಯಾಯಿತು, Fe³⁺ ಮೊದಲಿಗಿಂತ ಜಾಸ್ತಿಯೇ ಉಳಿಯಿತು, ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದೇ K. ಹಾಕಿದ Fe³⁺ ಪೂರ್ತಿ ಖರ್ಚಾಗುತ್ತದೆ ಅನ್ನುವುದೂ ತಪ್ಪು. ಒಂದು ಪಾಲು ಮಾತ್ರ ಖರ್ಚಾಗುತ್ತದೆ.

ಈಗ ಇನ್ನೊಂದು ಪ್ರಯೋಗ. ಈ ಕೆಂಪು ದ್ರಾವಣ ಒಂದು ಟೆಸ್ಟ್‌ಟ್ಯೂಬ್‌ನಲ್ಲಿ, ನೀರಿಗೆ ಬೆರೆಸಿದ ಕೆಂಪು ಶಾಯಿ ಇನ್ನೊಂದರಲ್ಲಿ ಇರಲಿ. ಎರಡಕ್ಕೂ ಅಷ್ಟೇ ನೀರು ಸೇರಿಸಿ ಕಲಕಿ. ಪಕ್ಕದಿಂದ ನೋಡಿದರೆ ಎರಡೂ ತಿಳಿ, ಏನೂ ಗೊತ್ತಾಗುವುದಿಲ್ಲ. ಬಾಯಿಯ ಮೇಲಿನಿಂದ ಕೆಳಕ್ಕೆ ನೋಡಿ. ಶಾಯಿ ಮೊದಲಿನಷ್ಟೇ ಕೆಂಪಾಗಿರುತ್ತದೆ, ಯಾಕೆಂದರೆ ತೆಳುವಾದಷ್ಟೇ ಆಳವೂ ಹೆಚ್ಚಿದೆ. ಇನ್ನೊಂದು ಮಾತ್ರ ಮೇಲಿನಿಂದಲೂ ಮಾಸಿರುತ್ತದೆ. ಅಂದರೆ ಕೆಂಪು ಅಯಾನುಗಳೇ ಕಡಿಮೆಯಾಗಿವೆ. ದ್ರಾವಣವನ್ನು ಎರಡು ಪಟ್ಟು ತೆಳು ಮಾಡಿದರೆ Qಯ ಮೇಲ್ಭಾಗದಲ್ಲಿ ಒಂದು ಅರ್ಧ, ಕೆಳಭಾಗದಲ್ಲಿ ಎರಡು ಅರ್ಧ, ಹಾಗಾಗಿ Q ಎರಡರಷ್ಟಾಗಿ ಕ್ರಿಯೆ ಎಡಕ್ಕೆ ಹೋಗುತ್ತದೆ. ನೀರು ಹಾಕಿದರೆ "ಸುಮ್ನೆ ತೆಳುವಾಗುತ್ತದೆ" ಅನ್ನುವವರಿಗೆ ಇದನ್ನು ತೋರಿಸಿ.

ಘನವಸ್ತು ಜಾಸ್ತಿ ಹಾಕಿದರೆ?

ಸಮತೋಲನಕ್ಕೆ ಬಂದ ಮುಚ್ಚಿದ ಪಾತ್ರೆಯಲ್ಲಿ ಸುಣ್ಣದ ಕಲ್ಲು, ಸುಟ್ಟ ಸುಣ್ಣ, ಕಾರ್ಬನ್ ಡೈಆಕ್ಸೈಡ್ ಮೂರೂ ಇದ್ದರೆ, ಇನ್ನೂ ಒಂದು ಬುಟ್ಟಿ ಕಲ್ಲು ಸುರಿದರೂ ಅನಿಲದ ಒತ್ತಡ ಏರುವುದಿಲ್ಲ. Qಯಲ್ಲಿ ಘನಕ್ಕೆ ಜಾಗವಿಲ್ಲ. ಸುಣ್ಣದ ಗೂಡಿನಲ್ಲಿ ಕಲ್ಲು ಪೂರ್ತಿ ಬೇಯುವುದು ಯಾಕೆಂದರೆ ಗೂಡು ಮುಚ್ಚಿರುವುದಿಲ್ಲ, ಹುಟ್ಟಿದ ಅನಿಲ ಹೊರಗೆ ಹೋಗುತ್ತಲೇ ಇರುತ್ತದೆ.

ಬಿಸಿ ಮಾಡಿದರೆ ಅಂತರುಷ್ಣಕ ಕ್ರಿಯೆಯ ವೇಗ ಮಾತ್ರ ಹೆಚ್ಚುತ್ತದೆಯಾ?

ಸಾಮಾನ್ಯವಾಗಿ ಎರಡೂ ದಿಕ್ಕಿನ ವೇಗ ಹೆಚ್ಚುತ್ತದೆ. ಯಾವುದಕ್ಕೆ ದಾಟಬೇಕಾದ ಶಕ್ತಿಯ ಗುಡ್ಡ ದೊಡ್ಡದೋ ಅದರ ವೇಗ ಜಾಸ್ತಿ ಏರುತ್ತದೆ. ಶಾಖ ಹೀರುವ ದಿಕ್ಕಿನ ಗುಡ್ಡವೇ ಯಾವಾಗಲೂ ದೊಡ್ಡದು, ಆದ್ದರಿಂದ ಬಿಸಿಯಲ್ಲಿ ಆ ಕಡೆಗೆ ವಾಲುತ್ತದೆ. ನಮ್ಮ ಅನಿಲ ಇದರ ವಿಪರೀತ ಉದಾಹರಣೆ. N₂O₄ ಒಡೆಯಲು ದೊಡ್ಡ ಗುಡ್ಡ ಹತ್ತಬೇಕು, ಎರಡು NO₂ ಸೇರಲು ಹೆಚ್ಚುಕಡಿಮೆ ಗುಡ್ಡವೇ ಇಲ್ಲ.

ಇಲ್ಲಿ ಬದಲಾಗುವುದು K ಸ್ವತಃ. ಕಾನ್ಸಂಟ್ರೇಶನ್, ಒತ್ತಡ ಬದಲಿಸಿದಾಗ Q ಬದಲಾಗಿ Kಯ ಕಡೆಗೆ ಓಡಿತು. ತಾಪಮಾನ ಬದಲಿಸಿದಾಗ Q ಇದ್ದಲ್ಲೇ ಇದೆ, ಗುರಿಯೇ ಜರುಗಿತು. 0 ಡಿಗ್ರಿಯಲ್ಲಿ K ಸುಮಾರು 0.02, 25 ಡಿಗ್ರಿಯಲ್ಲಿ 0.15, 100 ಡಿಗ್ರಿಯಲ್ಲಿ ಸುಮಾರು 15. ಕೋಣೆಯ ತಾಪಮಾನದಿಂದ ಕುದಿಯುವ ನೀರಿಗೆ ಹೋಗುವಷ್ಟರಲ್ಲಿ ನೂರು ಪಟ್ಟು! ಅದಕ್ಕೇ ಸೀಲ್ ಮಾಡಿದ ಗಾಜಿನ ಕೊಳವೆಯನ್ನು ಬಿಸಿನೀರಿಗೆ ಇಳಿಸಿದರೆ ಕಡು ಕಂದು, ಮಂಜುಗಡ್ಡೆಯ ನೀರಿಗೆ ಇಳಿಸಿದರೆ ಬರೀ ತಿಳಿ ಹಳದಿ. ಇದನ್ನು ಎಷ್ಟು ಸಲ ಬೇಕಾದರೂ ಮಾಡಬಹುದು. ಕೊಳವೆಯಲ್ಲಿ ಅನಿಲ ಜಾಸ್ತಿ ತುಂಬಿದ್ದರೆ ಮಂಜಿನಲ್ಲಿ ತಳದಲ್ಲಿ ಒಂದು ಹನಿ ದ್ರವವೂ ಕಾಣಬಹುದು, ಗಾಬರಿಯಾಗಬೇಡಿ. N₂O₄ ಕುದಿಯುವುದೇ 21 ಡಿಗ್ರಿಯಲ್ಲಿ.

ಸೀಲ್ ಮಾಡಿದ ಕೊಳವೆ ಬಿಸಿ ಮಾಡಿದರೆ ಒಳಗೆ ಒತ್ತಡವೂ ಏರುತ್ತದೆ. ಹಾಗಾದರೆ ಎಡಕ್ಕೆ ಯಾಕೆ ಹೋಗಲಿಲ್ಲ?

ಒಳ್ಳೆಯ ಪ್ರಶ್ನೆ, ಪುಸ್ತಕಗಳು ಇದನ್ನು ಕೇಳುವುದೇ ಇಲ್ಲ. ಸಿರಿಂಜ್ ಒತ್ತಿದಾಗ ಎಡಕ್ಕೆ ಹೋಗಲು ಕಾರಣ ಅಣುಗಳು ಒತ್ತೊತ್ತಾದದ್ದು. ಸೀಲ್ ಮಾಡಿದ ಕೊಳವೆಯಲ್ಲಿ ಗಾತ್ರ ಅಷ್ಟೇ, ಬಿಸಿ ತಾಗಿದ ಕ್ಷಣದಲ್ಲಿ ಅಣುಗಳ ಸಂಖ್ಯೆಯೂ ಅಷ್ಟೇ, ಹಾಗಾಗಿ ಒತ್ತೊತ್ತಾಗುವ ಪ್ರಶ್ನೆಯೇ ಇಲ್ಲ. ಅಣುಗಳು ಗೋಡೆಗೆ ಜೋರಾಗಿ ಬಡಿಯುತ್ತಿವೆ, ಅಷ್ಟೇ. ಒತ್ತಡದ ಬದಲು ಕಾನ್ಸಂಟ್ರೇಶನ್‌ನಲ್ಲಿ Q ಬರೆದು ನೋಡಿ, ಅದು ಅಲುಗಾಡಿಲ್ಲ ಅಂತ ತಾನಾಗೇ ಗೊತ್ತಾಗುತ್ತದೆ. ಅಲುಗಾಡಿದ್ದು K ಮಾತ್ರ.

ಕ್ಯಾಟಲಿಸ್ಟ್?

ಎರಡೂ ದಿಕ್ಕಿಗೆ ಒಂದೇ ಪಟ್ಟು ವೇಗ ಕೊಡುತ್ತದೆ. ಬೇಗ ತಲುಪುತ್ತೀರಿ, ತಲುಪುವ ಜಾಗ ಅದೇ.

ಲೇ ಶಾಟೆಲಿಯೆ ವಾಕ್ಯ ಕೈಕೊಡುವುದು ಎಲ್ಲಿ?

ಅಮೋನಿಯಾ ತಯಾರಿಕೆಯಲ್ಲಿ. N₂ + 3H₂ ⇌ 2NH₃. ನೈಟ್ರೋಜನ್ ಸೇರಿಸಿದರೆ ಬಲಕ್ಕೆ ಹೋಗಬೇಕು ಅಂತ ಎಲ್ಲರೂ ಬರೆಯುತ್ತೇವೆ. ಗಾತ್ರ ಸ್ಥಿರವಾಗಿದ್ದರೆ ಸರಿ. ಆದರೆ ಒಟ್ಟು ಒತ್ತಡ ಮತ್ತು ತಾಪಮಾನವನ್ನು ಸ್ಥಿರ ಇಟ್ಟು, ಬೆರಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ನೈಟ್ರೋಜನ್ನೇ ಇರುವಾಗ ಇನ್ನೂ ಸ್ವಲ್ಪ ನೈಟ್ರೋಜನ್ ಸೇರಿಸಿದರೆ ಕ್ರಿಯೆ ಎಡಕ್ಕೆ ಹೋಗುತ್ತದೆ.

ನಂಬಿಕೆ ಬರದಿದ್ದರೆ ಲೆಕ್ಕ ಹಾಕಿ. ನೈಟ್ರೋಜನ್ 60 ಮೋಲ್, ಹೈಡ್ರೋಜನ್ 30, ಅಮೋನಿಯಾ 10, ಒಟ್ಟು 100, ಸಮತೋಲನದಲ್ಲಿವೆ ಅಂದುಕೊಳ್ಳಿ. ಒತ್ತಡ ಸ್ಥಿರವಾಗಿದ್ದಾಗ ನೈಟ್ರೋಜನ್ ಸೇರಿಸಿದರೆ Qಯಲ್ಲಿ ಬದಲಾಗುವ ಭಾಗ ಇಷ್ಟೇ: (ಒಟ್ಟು ಮೋಲ್)² ÷ (ನೈಟ್ರೋಜನ್ ಮೋಲ್). ಮೊದಲು 10000 ÷ 60, ಅಂದರೆ ಸುಮಾರು 166.7. ಹತ್ತು ಮೋಲ್ ಸೇರಿಸಿದ ಮೇಲೆ 12100 ÷ 70, ಸುಮಾರು 172.9. Q ಏರಿತು, ಎಡಕ್ಕೆ ಹೋಗಬೇಕು. ಕಾರಣ ಇಷ್ಟೇ: ಬಂದ ನೈಟ್ರೋಜನ್ ಜಾಗ ಮಾಡಿಕೊಳ್ಳಲು ಗಾತ್ರ ಹಿಗ್ಗಿತು, ಹಿಗ್ಗಿದ್ದರಿಂದ ಹೈಡ್ರೋಜನ್ ತೆಳುವಾಯಿತು, ಹೈಡ್ರೋಜನ್‌ಗೆ Qಯಲ್ಲಿ ಮೂರರ ಘಾತ ಇರುವುದರಿಂದ ಅದರ ಪೆಟ್ಟು ದೊಡ್ಡದು.

ಪರೀಕ್ಷೆಯಲ್ಲಿ "ನೈಟ್ರೋಜನ್ ಸೇರಿಸಿದರೆ" ಅಂತ ಮಾತ್ರ ಕೇಳಿದ್ದರೆ ಗಾತ್ರ ಸ್ಥಿರ ಅಂತ ಬರೆದು ಬಲಕ್ಕೆ ಅನ್ನಿ. ಅಲ್ಲಿ ಇದನ್ನೆಲ್ಲ ಬರೆದು ಸಮಯ ಕಳೆಯಬೇಡಿ.

ಅಭ್ಯಾಸಕ್ಕೆ ಒಂದು ಲೆಕ್ಕ ಕೊಡಿ ಸರ್.

ಅದೇ ಸಿರಿಂಜ್, ಮೊದಲಿನ 0.15 ಮತ್ತು 0.15. ಈ ಸಲ ಪ್ಲಂಜರ್ ಎಳೆದು ಗಾತ್ರ ಎರಡರಷ್ಟು ಮಾಡಿ, ತಣ್ಣಗಾದ ಅನಿಲ ಮತ್ತೆ 25 ಡಿಗ್ರಿಗೆ ಬರುವ ತನಕ ಕಾಯಿರಿ. ಪಕ್ಕದಿಂದ ಹೇಗೆ ಕಾಣುತ್ತದೆ, ಉದ್ದಕ್ಕೆ ಹೇಗೆ ಕಾಣುತ್ತದೆ? ಮೊದಲು ನೀವೇ ಬಿಡಿಸಿ, ಆಮೇಲೆ ಮುಂದೆ ಓದಿ.

ಎಳೆದ ಕೂಡಲೇ ಎರಡೂ 0.075, Q ಕೂಡ 0.075. Kಗಿಂತ ಕಡಿಮೆ, ಹಾಗಾಗಿ ಬಲಕ್ಕೆ. ಬಿಡಿಸಿದರೆ NO₂ ಸುಮಾರು 0.098ಕ್ಕೆ ನಿಲ್ಲುತ್ತದೆ. 0.15ಕ್ಕಿಂತ ಕಡಿಮೆ, ಪಕ್ಕದಿಂದ ತಿಳಿ. ಉದ್ದಕ್ಕೆ ನೋಡಿದರೆ ದಾರಿ ಎರಡರಷ್ಟು, 0.196ಕ್ಕೆ ಸಮ, ಮೊದಲಿಗಿಂತ ಗಾಢ.